ಕಾದ ತಾಮ್ರ ಹಿಗ್ಗುವುದೇಕೆ?

ಒಂದು ಮೀಟರ್ ಉದ್ದದ ತಾಮ್ರದ ಸರಳನ್ನು 100 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿ ಮಾಡಿದರೆ ಅದು ಸುಮಾರು 1.7 ಮಿಲಿಮೀಟರ್ ಉದ್ದವಾಗುತ್ತದೆ. ಪರಮಾಣುಗಳ ಸಂಖ್ಯೆ ಹೆಚ್ಚುವುದಿಲ್ಲ, ಪರಮಾಣುಗಳು ದಪ್ಪವಾಗುವುದೂ ಇಲ್ಲ. ಹಿಗ್ಗುವುದು ಅವುಗಳ ನಡುವಿನ ಅಂತರ. ಸಾಮಾನ್ಯ ಉಷ್ಣತೆಯಲ್ಲಿ ತಾಮ್ರದ ಅಕ್ಕಪಕ್ಕದ ಎರಡು ಪರಮಾಣುಗಳ ಕೇಂದ್ರಗಳು 256 ಪಿಕೋಮೀಟರ್ ದೂರದಲ್ಲಿರುತ್ತವೆ. ಒಂದು ಪಿಕೋಮೀಟರ್ ಎಂದರೆ ಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಭಾಗ. ನೂರು ಡಿಗ್ರಿಯ ಏರಿಕೆಯಿಂದ ಈ ಅಂತರ ಅರ್ಧ ಪಿಕೋಮೀಟರಿಗಿಂತಲೂ ತುಸು ಕಡಿಮೆಯೇ ಹೆಚ್ಚುತ್ತದೆ. ಸರಳಿನ ಉದ್ದಕ್ಕೂ ಇಂಥ ಸುಮಾರು 390 ಕೋಟಿ ಅಂತರಗಳು ಸಾಲಾಗಿ ಸೇರುವುದರಿಂದ ಒಟ್ಟು ಬದಲಾವಣೆ ಅಳತೆಗೆ ಸಿಗುವಷ್ಟು ದೊಡ್ಡದಾಗುತ್ತದೆ.

ಕಾವು ಏರಿದಂತೆ ಪರಮಾಣುಗಳು ಜೋರಾಗಿ ಕಂಪಿಸುತ್ತವೆ, ಜೋರಾಗಿ ಕಂಪಿಸಲು ಹೆಚ್ಚು ಜಾಗ ಬೇಕು, ಆದ್ದರಿಂದ ವಸ್ತು ಹಿಗ್ಗುತ್ತದೆ ಎಂಬ ವಿವರಣೆ ಎಲ್ಲೆಡೆ ಕೇಳಿಬರುತ್ತದೆ. ಇದರಲ್ಲಿ ಮೊದಲ ಮಾತು ನಿಜ. ಆದರೆ ಕಂಪನ ಎಷ್ಟೇ ಜೋರಾದರೂ ಅಂತರದ ಸರಾಸರಿ ಒಂದಿಷ್ಟೂ ಬದಲಾಗದಿರುವುದು ಸಾಧ್ಯ. ಆದ್ದರಿಂದ ಹಿಗ್ಗುವಿಕೆಗೆ ಕಂಪನವೊಂದೇ ಸಾಲದು.

ಪರಮಾಣುಗಳ ನಡುವಿನ ಬಂಧವನ್ನು ಆದರ್ಶ ಸ್ಪ್ರಿಂಗ್ ಎಂದು ಭಾವಿಸಿದರೆ ಇದು ಸ್ಪಷ್ಟವಾಗುತ್ತದೆ. ಎರಡು ಪರಮಾಣುಗಳ ಅಂತರ ತನ್ನ ಸಹಜ ಬೆಲೆಯಿಂದ x ನಷ್ಟು ಸರಿದಾಗ ಪ್ರಚ್ಛನ್ನ ಶಕ್ತಿ cx² ನಷ್ಟು ಏರುತ್ತದೆ ಎಂದುಕೊಳ್ಳೋಣ. ಇದನ್ನು ಗೆರೆಯಾಗಿ ಎಳೆದರೆ ಎರಡೂ ಬದಿ ಒಂದೇ ರೀತಿ ಏರುವ ಕಣಿವೆ ಸಿಗುತ್ತದೆ. ಹತ್ತಿರ ತಳ್ಳಿದರೂ ದೂರ ಎಳೆದರೂ ಬಂಧ ಒಂದೇ ಬಲದಿಂದ ಮರಳಿ ಸೆಳೆಯುತ್ತದೆ. ಭೌತವಿಜ್ಞಾನದಲ್ಲಿ ಇಂಥ ಬಂಧಗಳಿಂದಾದ ಸ್ಫಟಿಕಕ್ಕೆ ಹಾರ್ಮೋನಿಕ್ ಸ್ಫಟಿಕ ಎಂದು ಹೆಸರು. ಕಾವು ಏರಿದರೆ ಕಂಪನದ ಹರವು ಹೆಚ್ಚುತ್ತದೆ, ಆದರೆ ಆಚೆಗೆ ಎಷ್ಟೋ ಈಚೆಗೂ ಅಷ್ಟೇ. ನಡುಬಿಂದು ಇದ್ದಲ್ಲೇ ಇರುತ್ತದೆ. ಇಂಥ ಸ್ಫಟಿಕವನ್ನು ಎಷ್ಟು ಕಾಯಿಸಿದರೂ ಅದರ ಉದ್ದ ಕೂದಲೆಳೆಯಷ್ಟೂ ಬದಲಾಗದು.

ನಿಜವಾದ ಬಂಧದ ಸ್ವಭಾವ ಬೇರೆ. ಎರಡು ಪರಮಾಣುಗಳನ್ನು ಹತ್ತಿರ ಒತ್ತಿದರೆ ಅವುಗಳ ಎಲೆಕ್ಟ್ರಾನ್ ಮೋಡಗಳು ಒಂದರೊಳಗೊಂದು ನುಗ್ಗುತ್ತವೆ, ವಿಕರ್ಷಣೆ ಬಹು ಬೇಗ ಬೆಳೆಯುತ್ತದೆ. ದೂರ ಎಳೆದರೆ ಆಕರ್ಷಣೆ ಕ್ರಮೇಣ ಸೋಲುತ್ತಾ ಹೋಗಿ ಕೊನೆಗೆ ಬಂಧವೇ ಕಳಚುತ್ತದೆ. ಹೀಗಾಗಿ ಕಣಿವೆಯ ಒಳಬದಿ ಕಡಿದಾಗಿದೆ, ಹೊರಬದಿ ಇಳಿಜಾರಾಗಿದೆ. ಕಣಿವೆಯ ತಳದಲ್ಲಿ ಈ ವ್ಯತ್ಯಾಸ ಅಷ್ಟಾಗಿ ತಿಳಿಯದು. ಶಕ್ತಿ ಹೆಚ್ಚಿ ಕಂಪನ ಮೇಲಕ್ಕೇರಿದಂತೆ ಹೊರಬದಿಗೆ ಹೋಗುವ ದೂರ ಒಳಬದಿಗಿಂತ ಹೆಚ್ಚುತ್ತದೆ, ಸರಾಸರಿ ಹೊರಕ್ಕೆ ಸರಿಯುತ್ತದೆ. ಈ ಓರೆತನವನ್ನು ಲೆಕ್ಕಕ್ಕೆ ತರಲು ಶಕ್ತಿಗೆ ಇನ್ನೊಂದು ಪದ ಸೇರಿಸಬೇಕು:

U(x) = cx² − gx³

ಎಷ್ಟು ಸರಿಯುತ್ತದೆ ಎಂಬುದನ್ನು ತಿಳಿಯಲು ಒಂದು ಸರಳ ದಾರಿಯಿದೆ. ಹೊರಗಿನ ಒತ್ತಡವಿಲ್ಲದ ಸರಳು ತನ್ನ ಹೊಸ ಉದ್ದದಲ್ಲಿ ನೆಲೆನಿಂತಾಗ ಬಂಧದ ಬಲದ ಸರಾಸರಿ ಸೊನ್ನೆಯಾಗಿರಬೇಕು, ಇಲ್ಲದಿದ್ದರೆ ಅದು ಇನ್ನೂ ಹಿಗ್ಗುತ್ತಲೋ ಕುಗ್ಗುತ್ತಲೋ ಇರುತ್ತಿತ್ತು. ಮೇಲಿನ ಶಕ್ತಿಯಿಂದ ಹುಟ್ಟುವ ಬಲ −2cx + 3gx². ಇದರ ಸರಾಸರಿಯನ್ನು ಸೊನ್ನೆಗೆ ಸಮ ಮಾಡಿದರೆ

⟨x⟩ = (3g/2c) ⟨x²⟩

ಎಂದು ಬರುತ್ತದೆ. ಇಲ್ಲಿ ⟨x⟩ ಸರಾಸರಿ ಸರಿತ, ⟨x²⟩ ಕಂಪನದ ಹರವಿನ ಅಳತೆ. ಹಾರ್ಮೋನಿಕ್ ಸ್ಫಟಿಕದಲ್ಲಿ g ಸೊನ್ನೆ, ಆದ್ದರಿಂದ ⟨x²⟩ ಎಷ್ಟೇ ದೊಡ್ಡದಾದರೂ ಸರಿತವೂ ಸೊನ್ನೆ. ಹಿಗ್ಗಲು ಕಂಪನ ಬೇಕು, ಓರೆತನವೂ ಬೇಕು. ಸೂತ್ರದಲ್ಲಿ ಅವೆರಡೂ ಗುಣಿಸಿಕೊಂಡಿವೆ. x⁴ ಪದವನ್ನಷ್ಟೇ ಸೇರಿಸಿದರೂ ಪ್ರಯೋಜನವಿಲ್ಲ ಎಂಬುದನ್ನು ಗಮನಿಸಬೇಕು. ಆಗ ಬಂಧ ಹಾರ್ಮೋನಿಕ್ ಆಗಿ ಉಳಿಯುವುದಿಲ್ಲ ನಿಜ, ಆದರೆ ಕಣಿವೆಯ ಎರಡೂ ಬದಿ ಇನ್ನೂ ಸಮವಾಗಿಯೇ ಇರುತ್ತವೆ. ಕಾವು ಸಾಕಷ್ಟಿದ್ದಾಗ ⟨x²⟩ ಉಷ್ಣತೆಗೆ ಅನುಗುಣವಾಗಿ ಬೆಳೆಯುತ್ತದೆ. ಪ್ರತಿ ಡಿಗ್ರಿಗೂ ಲೋಹ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದು ಇದರಿಂದಲೇ.

ತಾಮ್ರದ ಅಂಕಿಗಳನ್ನು ಇದರಲ್ಲಿ ಹಾಕಿ ನೋಡಬಹುದು. ಎಕ್ಸ್-ಕಿರಣಗಳ ಹೀರಿಕೆಯ ಅಳತೆಗಳ ಪ್ರಕಾರ, ಅತಿ ಶೀತದಿಂದ ಕೋಣೆಯ ಉಷ್ಣತೆಗೆ ಬರುವಷ್ಟರಲ್ಲಿ ನೆರೆಯ ಪರಮಾಣುಗಳ ಅಂತರದ ⟨x²⟩ ಸುಮಾರು 50 ಚದರ ಪಿಕೋಮೀಟರ್ ಹೆಚ್ಚುತ್ತದೆ. ಬಂಧದ ಓರೆತನಕ್ಕೆ 1959ರಲ್ಲಿ ಗಿರಿಫಾಲ್ಕೊ ಮತ್ತು ವೈಜರ್ ಲೋಹಗಳಿಗಾಗಿ ಲೆಕ್ಕಹಾಕಿದ ಮೋರ್ಸ್ ವಕ್ರರೇಖೆಯನ್ನು ಬಳಸಿದರೆ, ತಾಮ್ರಕ್ಕೆ g/c ಪ್ರತಿ ಪಿಕೋಮೀಟರಿಗೆ 0.0136 ಆಗುತ್ತದೆ. ಇದರ ಒಂದೂವರೆ ಪಟ್ಟನ್ನು 50ರಿಂದ ಗುಣಿಸಿದರೆ ಸರಾಸರಿ ಸರಿತ ಸುಮಾರು 1 ಪಿಕೋಮೀಟರ್. ಪ್ರಯೋಗಶಾಲೆಯಲ್ಲಿ ಅಳೆದ ಒಟ್ಟು ಹಿಗ್ಗುವಿಕೆ ನೂರಕ್ಕೆ 0.32, ಅಂದರೆ ಒಂದೊಂದು ಅಂತರಕ್ಕೂ 0.8 ಪಿಕೋಮೀಟರ್. ಇಷ್ಟು ಸರಳ ಲೆಕ್ಕಕ್ಕೆ ಇದು ನಿಜಕ್ಕೂ ಒಳ್ಳೆಯ ಹೊಂದಾಣಿಕೆ. ಕೋಣೆಯ ಉಷ್ಣತೆಯಲ್ಲಿ ಈ ಅಂತರ ಸುಮಾರು 9 ಪಿಕೋಮೀಟರ್ ಅತ್ತಿತ್ತ ಓಲಾಡುತ್ತಿರುತ್ತದೆ. ಅಷ್ಟು ದೊಡ್ಡ ಓಲಾಟದಲ್ಲಿ ಹಿಗ್ಗುವಿಕೆಯಾಗಿ ಉಳಿಯುವುದು ಅದರ ಹತ್ತರಲ್ಲೊಂದು ಪಾಲು ಮಾತ್ರ.

ಶೀತದ ಕೊನೆಯಲ್ಲಿ ಕತೆ ಬದಲಾಗುತ್ತದೆ. ಕ್ವಾಂಟಮ್ ನಿಯಮಗಳಂತೆ ಪರಮಾಣುಗಳ ಕಂಪನ ಸೊನ್ನೆ ಕೆಲ್ವಿನ್‌ನಲ್ಲೂ ಪೂರ್ತಿ ನಿಲ್ಲುವುದಿಲ್ಲ, ಆದರೆ ಅದರ ಹತ್ತಿರ ಉಷ್ಣತೆಯನ್ನು ತುಸು ಏರಿಸಿದರೂ ಆ ಕಂಪನ ಹೆಚ್ಚೇನೂ ಬೆಳೆಯುವುದಿಲ್ಲ. ಹಾಗಾಗಿ ಹಿಗ್ಗುವಿಕೆಯೂ ಸೊರಗುತ್ತದೆ. 20 ಕೆಲ್ವಿನ್‌ನಲ್ಲಿ ತಾಮ್ರ ಪ್ರತಿ ಡಿಗ್ರಿಗೆ ಹಿಗ್ಗುವುದು ಕೋಣೆಯ ಉಷ್ಣತೆಯಲ್ಲಿ ಹಿಗ್ಗುವುದರ ನಲವತ್ತನೇ ಒಂದು ಭಾಗದಷ್ಟೂ ಇಲ್ಲ. ಲೋಹಗಳ ಹಿಗ್ಗುವಿಕೆಯೂ ಅವುಗಳ ಉಷ್ಣ ಸಾಮರ್ಥ್ಯವೂ ಒಟ್ಟೊಟ್ಟಿಗೇ ಏರಿಳಿಯುತ್ತವೆ ಎಂಬುದನ್ನು 20ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಎಡ್ವರ್ಡ್ ಗ್ರೂನೈಸನ್ ತೋರಿಸಿಕೊಟ್ಟರು.

ಅವರ ಹೆಸರಿನ ಅಂಕವೊಂದು ಇದೇ ಓರೆತನವನ್ನು ಇನ್ನೊಂದು ಬಗೆಯಲ್ಲಿ ಅಳೆಯುತ್ತದೆ. ನಿಜವಾದ ಬಂಧವನ್ನು ಎಳೆದಷ್ಟೂ ಅದು ಸಡಿಲಾಗುತ್ತದೆ, ಕಂಪನ ನಿಧಾನವಾಗುತ್ತದೆ. ತಾಮ್ರದ ಗ್ರೂನೈಸನ್ ಅಂಕ ಸುಮಾರು 2. ಎಂದರೆ ಗಾತ್ರ ನೂರಕ್ಕೆ ಒಂದರಷ್ಟು ಹೆಚ್ಚಿದರೆ ಪರಮಾಣು ಕಂಪನದ ಆವರ್ತನ ನೂರಕ್ಕೆ ಎರಡರಷ್ಟು ಇಳಿಯುತ್ತದೆ. ನಿಧಾನ ಕಂಪನಕ್ಕೆ ಅದೇ ಉಷ್ಣತೆಯಲ್ಲಿ ಎಂಟ್ರೊಪಿ ಹೆಚ್ಚು, ಆದ್ದರಿಂದ ಕಾದ ಸ್ಫಟಿಕಕ್ಕೆ ಹಿಗ್ಗುವುದೇ ಅನುಕೂಲ. ಆದರ್ಶ ಸ್ಪ್ರಿಂಗನ್ನು ಎಷ್ಟು ಎಳೆದರೂ ಆವರ್ತನ ಬದಲಾಗದು. ಹಾರ್ಮೋನಿಕ್ ಸ್ಫಟಿಕದ ಈ ಅಂಕ ಸೊನ್ನೆ, ಹಿಗ್ಗಿದರೆ ಅದಕ್ಕೆ ಯಾವ ಲಾಭವೂ ಇಲ್ಲ.

ಈ ಅಂಕ ಸೊನ್ನೆಗಿಂತ ಕೆಳಗಿಳಿಯುವುದೂ ಉಂಟು. ಇಲ್ಲಿಯವರೆಗಿನ ಲೆಕ್ಕ ಬಂಧದ ಉದ್ದಕ್ಕೆ ನಡೆಯುವ ಕಂಪನವನ್ನಷ್ಟೇ ಹಿಡಿದಿತ್ತು. ಪರಮಾಣುಗಳು ಅಡ್ಡಲಾಗಿಯೂ ಓಲಾಡುತ್ತವೆ. ಬಂಧದ ಉದ್ದ ಅಷ್ಟೇ ಇದ್ದು ನಡುವಿನ ಪರಮಾಣು ಅಡ್ಡ ಸರಿದರೆ, ಅದರ ಎರಡು ಬದಿಯ ಪರಮಾಣುಗಳು ಪರಸ್ಪರ ಹತ್ತಿರ ಬರುತ್ತವೆ. ತಾಮ್ರದಂತಹ ಒತ್ತಾದ ಜೋಡಣೆಯಲ್ಲಿ ಈ ಸೆಳೆತ ಚಿಕ್ಕದು. ಮೇಲಿನ ಲೆಕ್ಕ 0.8ರ ಬದಲು 1ಕ್ಕೆ ಬಂದುದಕ್ಕೆ ಇದೂ ಒಂದು ಕಾರಣ. ನಡುನಡುವೆ ಖಾಲಿ ಜಾಗ ಹೆಚ್ಚಿರುವ ಸ್ಫಟಿಕಗಳಲ್ಲಿ ಇದೇ ಮೇಲುಗೈ ಆಗಬಲ್ಲದು. ಸಿಲಿಕಾನ್ ಸುಮಾರು 20ರಿಂದ 120 ಕೆಲ್ವಿನ್‌ವರೆಗೆ ಕಾದಂತೆ ಕುಗ್ಗುತ್ತದೆ. ಜಿರ್ಕೋನಿಯಂ ಟಂಗ್‌ಸ್ಟೇಟ್ ಅಂತೂ ಸೊನ್ನೆ ಕೆಲ್ವಿನ್‌ನ ಹತ್ತಿರದಿಂದ 1050 ಕೆಲ್ವಿನ್‌ವರೆಗೂ ಕುಗ್ಗುತ್ತಲೇ ಹೋಗುತ್ತದೆ ಎಂದು 1996ರಲ್ಲಿ ವರದಿಯಾಯಿತು. ಅದರಲ್ಲಿ ಆಕ್ಸಿಜನ್ ಪರಮಾಣುಗಳು ಎರಡು ಲೋಹದ ಪರಮಾಣುಗಳ ನಡುವೆ ಸೇತುವೆಯಾಗಿ ನಿಂತಿವೆ, ಅವು ಅಡ್ಡಡ್ಡ ಓಲಾಡಿದಷ್ಟೂ ಲೋಹದ ಪರಮಾಣುಗಳು ಒಂದರ ಕಡೆಗೊಂದು ಸರಿಯುತ್ತವೆ.