ಹತ್ತನೆಯ ಬಿಟ್‌ನಲ್ಲಿ ಜಾರುವ ಅಕ್ಷರ

ಎರಡು ಸಾಧನಗಳನ್ನು ಸೀರಿಯಲ್ ತಂತಿಯಿಂದ ಜೋಡಿಸಿದ್ದೀರಿ. ಕೀಲಿಮಣೆಯಲ್ಲಿ ಒಂದೊಂದೇ ಅಕ್ಷರ ಒತ್ತಿದರೆ ಎಲ್ಲವೂ ಸರಿಯಾಗಿ ತಲುಪುತ್ತವೆ. ಅದೇ ತಂತಿಯಲ್ಲಿ ಇಡೀ ಕಡತವನ್ನು ಒಮ್ಮೆಲೇ ಕಳಿಸಿದರೆ ನಡುನಡುವೆ ಕಸ ಬರುತ್ತದೆ. ಹೀಗಾದಾಗ ಹೆಚ್ಚಿನವರು ತಂತಿಯನ್ನೋ ಪ್ರೋಗ್ರಾಮನ್ನೋ ಅನುಮಾನಿಸುತ್ತಾರೆ. ನಾನಾದರೆ ಮೊದಲು ನೋಡುವುದು ಎರಡೂ ಕಡೆಯ ಗಡಿಯಾರಗಳನ್ನು.

ಸೀರಿಯಲ್ ಸಂಪರ್ಕದಲ್ಲಿ ಗಡಿಯಾರಕ್ಕೆಂದು ಬೇರೆ ತಂತಿ ಇರುವುದಿಲ್ಲ. ಸೆಕೆಂಡಿಗೆ ಎಷ್ಟು ಬಿಟ್ ಎಂಬುದನ್ನು, ಅಂದರೆ ಬಾಡ್ ರೇಟನ್ನು, ಎರಡೂ ಕಡೆ ಮೊದಲೇ ಗೊತ್ತುಮಾಡಿಕೊಂಡು ತಮ್ಮತಮ್ಮ ಗಡಿಯಾರ ನಂಬಿ ನಡೆಯುತ್ತವೆ. ಸುಮ್ಮನಿರುವಾಗ ತಂತಿ ಮೇಲಿನ ಮಟ್ಟದಲ್ಲಿ, ಅಂದರೆ 1ರಲ್ಲಿ ಇರುತ್ತದೆ. ಅದು 0ಗೆ ಇಳಿದರೆ ಸ್ಟಾರ್ಟ್ ಬಿಟ್ ಬಂತೆಂದು ಅರ್ಥ. ಅದರ ಹಿಂದೆ ಎಂಟು ದತ್ತಾಂಶದ ಬಿಟ್‌ಗಳು, ಕೊನೆಗೆ 1 ಆಗಿರಲೇಬೇಕಾದ ಸ್ಟಾಪ್ ಬಿಟ್. ಒಟ್ಟು ಹತ್ತು ಬಿಟ್‌ಗಳ ಈ ಕಟ್ಟೇ ಒಂದು ಫ್ರೇಮ್.

ತಂತಿ ಇಳಿದ ಗಳಿಗೆ ರಿಸೀವರ್‌ಗೆ ಎಷ್ಟು ನಿಖರವಾಗಿ ತಿಳಿಯುತ್ತದೋ ಮುಂದಿನದೆಲ್ಲ ಅಷ್ಟು ನಿಖರ. ಅದಕ್ಕಾಗಿಯೇ ಅದು ಒಂದು ಬಿಟ್‌ನ ಅವಧಿಯಲ್ಲಿ ಸಾಮಾನ್ಯವಾಗಿ 16 ಸಲ ತಂತಿಯನ್ನು ನೋಡುತ್ತದೆ. ಇದನ್ನೇ ಓವರ್‌ಸ್ಯಾಂಪ್ಲಿಂಗ್ ಎನ್ನುತ್ತಾರೆ. ಇಳಿದದ್ದು ಕಂಡ ಮೇಲೆ ಅರ್ಧ ಬಿಟ್‌ನಷ್ಟು ಕಾದು ಮತ್ತೆ ನೋಡುತ್ತದೆ. ಆಗಲೂ 0 ಇದ್ದರೆ ಅದು ನಿಜವಾದ ಸ್ಟಾರ್ಟ್ ಬಿಟ್. 1 ಕಂಡರೆ ಯಾವುದೋ ಕ್ಷಣಿಕ ವಿದ್ಯುತ್ ಗದ್ದಲವೆಂದು ಬಿಟ್ಟುಬಿಡುತ್ತದೆ. ಅಲ್ಲಿಂದ ಮುಂದೆ 16 ಎಣಿಕೆಗೊಮ್ಮೆ, ಅಂದರೆ ಪ್ರತಿ ಬಿಟ್‌ನ ನಟ್ಟನಡುವೆ, ಮೌಲ್ಯ ಓದುತ್ತದೆ. ನಡುವೆ ಓದುವುದೇಕೆಂದರೆ ಎರಡೂ ಅಂಚುಗಳಿಂದ ಅತಿ ದೂರದ ಜಾಗ ಅದೇ. ಗಡಿಯಾರ ಹಿಂದಾದರೂ ಮುಂದಾದರೂ ಅರ್ಧ ಬಿಟ್‌ನಷ್ಟು ಅವಕಾಶ ಉಳಿದಿರುತ್ತದೆ.

ಆ ಅವಕಾಶವನ್ನು ಬಾಡ್ ರೇಟಿನ ವ್ಯತ್ಯಾಸ ತಿನ್ನುತ್ತಾ ಹೋಗುತ್ತದೆ. ಆರ್ಡುಯಿನೊ ಊನೊ ಬೋರ್ಡಿನಲ್ಲಿರುವ ಎಟಿಮೆಗಾ 328ಪಿ ಚಿಪ್ಪನ್ನೇ ತೆಗೆದುಕೊಳ್ಳೋಣ. ಅದರ ಗಡಿಯಾರ 16 ಮೆಗಾಹರ್ಟ್ಸ್. ಬೇಕಾದದ್ದು 115200 ಬಾಡ್. 16 ಸಲ ನೋಡುವ ಕ್ರಮದಲ್ಲಿ ಗಡಿಯಾರವನ್ನು 8.68ರಿಂದ ಭಾಗಿಸಬೇಕು, ಆದರೆ ಚಿಪ್‌ಗೆ ಪೂರ್ಣಾಂಕದಿಂದ ಮಾತ್ರ ಭಾಗಿಸಲು ಬರುತ್ತದೆ. ಹತ್ತಿರದ ಸಂಖ್ಯೆ 9. ಸಿಗುವುದು 111111 ಬಾಡ್, ಸುಮಾರು ಶೇ. 3.5 ನಿಧಾನ.

ಈಗ ನಿಖರವಾಗಿ 115200ರಲ್ಲಿ ಕಳಿಸುವ ಸಾಧನದಿಂದ ಒಂದು ಫ್ರೇಮ್ ಬಂತೆನ್ನಿ. ಕಳಿಸುವವನ ಒಂದು ಬಿಟ್ 8.68 ಮೈಕ್ರೋಸೆಕೆಂಡ್, ನಮ್ಮ ಚಿಪ್‌ನ ಲೆಕ್ಕದಲ್ಲಿ 9. ಮೊದಲ ಬಿಟ್‌ನಲ್ಲಿ ವ್ಯತ್ಯಾಸ ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಆದರೆ ಸ್ಟಾಪ್ ಬಿಟ್‌ನ ನಡುವನ್ನು ಚಿಪ್ ಹುಡುಕುವುದು ಆರಂಭದಿಂದ ಒಂಬತ್ತೂವರೆ ಬಿಟ್ ಆದ ಮೇಲೆ, 85.5 ಮೈಕ್ರೋಸೆಕೆಂಡ್‌ಗೆ. ನಿಜವಾದ ಸ್ಟಾಪ್ ಬಿಟ್ 86.8ಕ್ಕೇ ಮುಗಿದುಹೋಗುತ್ತದೆ. ಉಳಿದದ್ದು 1.3. ತಂತಿ ಇಳಿದದ್ದನ್ನು ಗಮನಿಸುವಲ್ಲೇ ಹದಿನಾರನೇ ಒಂದು ಬಿಟ್‌ನಷ್ಟು, ಅಂದರೆ 0.56 ಮೈಕ್ರೋಸೆಕೆಂಡ್‌ವರೆಗೆ ತಡವಾಗಬಹುದು. ಅದನ್ನೂ ಕಳೆದರೆ ಕೈಯಲ್ಲಿರುವುದು ಸುಮಾರು 0.7. ಕಳಿಸುವ ಗಡಿಯಾರ ಇನ್ನು ಶೇ. 1ರಷ್ಟು ವೇಗವಾಗಿದ್ದರೆ ಅದೂ ಹೋಯಿತು. ಈ ಚಿಪ್ಪಿನ ಕೈಪಿಡಿ ಹತ್ತು ಬಿಟ್‌ನ ಫ್ರೇಮಿಗೆ ಶೇ. 2ರೊಳಗಿನ ವ್ಯತ್ಯಾಸವನ್ನು ಶಿಫಾರಸು ಮಾಡುವುದು ಇಂಥ ಸಣ್ಣಪುಟ್ಟ ನಷ್ಟಗಳಿಗೆಲ್ಲ ಜಾಗ ಬಿಟ್ಟೇ.

ಆರಂಭದ ಒಗಟಿಗೆ ಉತ್ತರ ಇಲ್ಲಿದೆ. ಪ್ರತಿ ಸ್ಟಾರ್ಟ್ ಬಿಟ್ ಬಂದಾಗಲೂ ರಿಸೀವರ್ ಎಣಿಕೆಯನ್ನು ಹೊಸದಾಗಿ ಶುರುಮಾಡುವುದರಿಂದ ಒಂದು ಫ್ರೇಮಿನ ತಪ್ಪು ಮುಂದಿನದಕ್ಕೆ ಸಾಗುವುದಿಲ್ಲ. ಕೈಯಿಂದ ಒತ್ತುವಾಗ ಅಕ್ಷರಗಳ ನಡುವೆ ಬಿಡುವಿರುತ್ತದೆ. ರಿಸೀವರ್ ತಡವಾಗಿ ನೋಡಿದರೂ ಸುಮ್ಮನಿರುವ ತಂತಿಯ 1 ಕಾಣುತ್ತದೆ, ಅದನ್ನೇ ಸ್ಟಾಪ್ ಬಿಟ್ ಎಂದುಕೊಳ್ಳುತ್ತದೆ. ಕಡತ ಹರಿಯುವಾಗ ಬಿಡುವಿಲ್ಲ. ಸ್ಟಾಪ್ ಬಿಟ್ ಮುಗಿದ ಕೂಡಲೇ ಮುಂದಿನ ಅಕ್ಷರದ 0 ಬಂದು ನಿಂತಿರುತ್ತದೆ. ರಿಸೀವರ್ ಅದನ್ನು ಓದಿ ಫ್ರೇಮಿಂಗ್ ಎರರ್ ದಾಖಲಿಸುತ್ತದೆ. ಹಾಗಾಗಿ ಒಂದೊಂದೇ ಅಕ್ಷರ ಒತ್ತಿ ಮಾಡಿದ ಪರೀಕ್ಷೆಯನ್ನು ನಾನು ಪರೀಕ್ಷೆಯೆಂದೇ ಒಪ್ಪುವುದಿಲ್ಲ.

ರಿಸೀವರ್ ವೇಗವಾಗಿದ್ದರೆ ಕಾಯಿಲೆಯ ಬಗೆ ಬೇರೆ. ಅದು ಬೇಗ ನೋಡುತ್ತದೆ, ಸ್ಟಾಪ್ ಬಿಟ್ ಬದಲು ಕೊನೆಯ ದತ್ತಾಂಶದ ಬಿಟ್ ಓದುತ್ತದೆ. ಆ ಬಿಟ್ 0 ಆಗಿದ್ದರೆ ತಪ್ಪು ಬಯಲಾಗುತ್ತದೆ. 1 ಆಗಿದ್ದರೆ ಏನೂ ಆಗಿಲ್ಲವೆಂಬಂತೆ ದಾಟಿಹೋಗುತ್ತದೆ.

ಇದೇ ಚಿಪ್‌ನಲ್ಲಿ ಬಿಟ್‌ಗೆ 8 ಸಲ ಮಾತ್ರ ನೋಡುವ ಇನ್ನೊಂದು ಕ್ರಮವಿದೆ. ಅಲ್ಲಿ 17ರಿಂದ ಭಾಗಿಸಿದರೆ 117647 ಬಾಡ್ ಸಿಗುತ್ತದೆ, ವ್ಯತ್ಯಾಸ ಶೇ. 2.1ಕ್ಕೆ ಇಳಿಯುತ್ತದೆ. ನೋಟ ಒರಟಾದರೂ ಲೆಕ್ಕ ಹತ್ತಿರವಾಗುತ್ತದೆ. 115200ಕ್ಕೆ ಇದೇ ಮೇಲು.

ನಿಮ್ಮ ಸಾಧನ ಯಾವ ವೇಗದಲ್ಲಿ ಕಳಿಸುತ್ತಿದೆಯೆಂದು ಅಳೆಯಲು `U` ಅಕ್ಷರ ಕಳಿಸಿ ಆಸಿಲೋಸ್ಕೋಪ್‌ನಲ್ಲಿ ನೋಡಿ. ಅದರ ಹತ್ತೂ ಬಿಟ್‌ಗಳು 0, 1, 0, 1 ಎಂದು ಒಂದಾದಮೇಲೊಂದು ಬದಲಾಗುತ್ತವೆ. ಒಂದೇ ಬಿಟ್ ಅಳೆದರೆ 8.68ಕ್ಕೂ 9ಕ್ಕೂ ಇರುವ ಅಂತರ ಕಣ್ಣಿಗೆ ಬೀಳದೆ ಹೋಗಬಹುದು. ಸ್ಟಾರ್ಟ್ ಬಿಟ್‌ನ ಇಳಿತದಿಂದ ಸ್ಟಾಪ್ ಬಿಟ್‌ನ ಏರಿಕೆಯವರೆಗೆ, ಒಂಬತ್ತು ಬಿಟ್‌ನಷ್ಟು ಉದ್ದ ಅಳೆಯಿರಿ. 78.1 ಮೈಕ್ರೋಸೆಕೆಂಡ್ ಬಂದರೆ ಸರಿ. 81 ಬಂದರೆ ಅದು 111111.