ದಾರಿ ಮೊದಲೇ ಹಾಕಿಡಬೇಕೇ?

1970ರ ದಶಕದ ಆರಂಭದಲ್ಲಿ ಫ್ರಾನ್ಸಿನ ಎರಡು ತಂಡಗಳು ಒಂದೇ ಸಮಸ್ಯೆಯ ಮೇಲೆ ಕೆಲಸ ಮಾಡುತ್ತಿದ್ದವು. ಎರಡಕ್ಕೂ ಹಣ ಸರ್ಕಾರದ್ದೇ. ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದ ಲೂಯಿ ಪೂಝಾಂ ಅವರ ‘ಸಿಕ್ಲಾಡ್’ ತಂಡ. ಇನ್ನೊಂದು ಅಂಚೆ ಮತ್ತು ದೂರವಾಣಿ ಇಲಾಖೆಯ ಎಂಜಿನಿಯರುಗಳದ್ದು. ಅಲ್ಲಿ ಮುಂದಾಳು ರೆಮಿ ದೆಪ್ರೆ. ದೂರದ ಊರುಗಳ ಕಂಪ್ಯೂಟರುಗಳು ಮಾತಾಡಿಕೊಳ್ಳಬೇಕು, ಮಾಹಿತಿಯನ್ನು ಪ್ಯಾಕೆಟ್‌ಗಳೆಂಬ ಸಣ್ಣ ತುಂಡುಗಳಾಗಿ ಕಳಿಸಬೇಕು ಎಂಬಲ್ಲಿಗೆ ಇಬ್ಬರ ಒಪ್ಪಿಗೆಯೂ ಇತ್ತು. ಜಗಳ ಹುಟ್ಟಿದ್ದು ಮುಂದಿನ ಹೆಜ್ಜೆಯಲ್ಲಿ. ಪ್ಯಾಕೆಟ್ ಹೊರಡುವ ಮೊದಲೇ ಅದರ ದಾರಿಯನ್ನು ಗೊತ್ತುಮಾಡಿಡಬೇಕೇ, ಅಥವಾ ಪ್ರತಿ ಪ್ಯಾಕೆಟ್ಟಿಗೂ ಪೂರ್ತಿ ವಿಳಾಸ ಬರೆದು ಬಿಟ್ಟರೆ ಸಾಕೇ?

ದಾರಿ ಮೊದಲೇ ಗೊತ್ತಿರಬೇಕು ಎಂದರು ದೆಪ್ರೆ. ಅದು ವರ್ಚುವಲ್ ಸರ್ಕ್ಯೂಟ್ ಪದ್ಧತಿ. ವಿಳಾಸವೊಂದಿದ್ದರೆ ಸಾಕು ಎಂದರು ಪೂಝಾಂ. ಅದು ಡೇಟಾಗ್ರಾಂ ಪದ್ಧತಿ. ಇಲಾಖೆಯ ವಿಚಾರ 1976ರಲ್ಲಿ ‘ಎಕ್ಸ್.25’ ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ನೆಲೆಯಾಯಿತು. 1978ರ ಡಿಸೆಂಬರಿನಲ್ಲಿ ‘ಟ್ರಾನ್ಸ್‌ಪಾಕ್’ ಎಂಬ ಸಾರ್ವಜನಿಕ ಜಾಲವಾಗಿ ಅದು ಗ್ರಾಹಕರಿಗೆ ಸಿಕ್ಕಿತು. ಅದೇ ದಶಕದ ಕೊನೆಯ ಹೊತ್ತಿಗೆ ಸಿಕ್ಲಾಡ್‌ಗೆ ಬರುತ್ತಿದ್ದ ಹಣ ನಿಂತುಹೋಯಿತು.

ಟ್ರಾನ್ಸ್‌ಪಾಕ್‌ನಂಥ ಜಾಲದಲ್ಲಿ ಒಂದು ಕರೆ ಹೇಗೆ ಕೂಡಿಕೊಳ್ಳುತ್ತದೆ ಎಂಬುದನ್ನು ಒಂದು ಕಾಲ್ಪನಿಕ ಉದಾಹರಣೆಯಲ್ಲಿ ನೋಡಬಹುದು. ರೆನ್ ಊರಿನ ಒಂದು ಕಚೇರಿ ಲಿಯೋಂ ಊರಿನ ಬ್ಯಾಂಕಿನ ಕಂಪ್ಯೂಟರನ್ನು ಸಂಪರ್ಕಿಸಬೇಕಿದೆ. ನಡುವೆ ಪ್ಯಾರಿಸ್ಸಿನ ಸ್ವಿಚ್ ಇದೆ ಎನ್ನೋಣ. ಕಚೇರಿಯ ಯಂತ್ರ ಮೊದಲು ಕಳಿಸುವುದು ಮಾಹಿತಿಯನ್ನಲ್ಲ, ಕರೆಯ ಕೋರಿಕೆಯ ಪ್ಯಾಕೆಟ್ಟನ್ನು. ಬ್ಯಾಂಕಿನ ಪೂರ್ತಿ ವಿಳಾಸ ಅದರಲ್ಲಿರುತ್ತದೆ, ಎಕ್ಸ್.25 ಜಾಲಗಳಲ್ಲಿ ಇದು 14 ಅಂಕಿಗಳವರೆಗೆ ಉದ್ದವಿರಬಹುದು. ಕೋರಿಕೆ ಒಂದೊಂದು ಸ್ವಿಚ್ ದಾಟಿದಂತೆಲ್ಲ ಆ ಸ್ವಿಚ್ಚು ಮುಂದಿನ ತಂತಿಯಲ್ಲಿ ಬಿಡುವಿರುವ ಒಂದು ಸಂಖ್ಯೆಯನ್ನು ಆ ಕರೆಗೆ ಕೊಡುತ್ತದೆ. ಕಚೇರಿಯಿಂದ ರೆನ್ ಸ್ವಿಚ್ಚಿಗೆ 12, ರೆನ್‌ನಿಂದ ಪ್ಯಾರಿಸ್ಸಿಗೆ 47, ಪ್ಯಾರಿಸ್ಸಿನಿಂದ ಲಿಯೋಂಗೆ 5, ಅಲ್ಲಿಂದ ಬ್ಯಾಂಕಿಗೆ 301 ಬಂತು ಎಂದಿಟ್ಟುಕೊಳ್ಳಿ. ಆಗ ಪ್ಯಾರಿಸ್ ಸ್ವಿಚ್ಚಿನ ನೆನಪಿನಲ್ಲಿ ಒಂದು ಸಾಲು ಸೇರುತ್ತದೆ: ರೆನ್ ತಂತಿಯಲ್ಲಿ 47 ಎಂದು ಬಂದದ್ದನ್ನು ಲಿಯೋಂ ತಂತಿಯಲ್ಲಿ 5 ಎಂದು ಬದಲಿಸಿ ಕಳಿಸು. ಬ್ಯಾಂಕಿನ ಕಂಪ್ಯೂಟರ್ ಒಪ್ಪಿದರೆ ಆ ಒಪ್ಪಿಗೆ ಇದೇ ಸಾಲುಗಳನ್ನು ಹಿಂದಕ್ಕೆ ಓದಿಕೊಂಡು ರೆನ್ ತಲುಪುತ್ತದೆ. ಮಾಹಿತಿ ಹೊರಡುವುದು ಆಮೇಲೆ.

ಕೌಂಟರಿನಿಂದ ಕೌಂಟರಿಗೆ ಬೇರೆ ಬೇರೆ ಟೋಕನ್ ಕೊಡುವ ಕಚೇರಿಯಂತೆ ಇದು. 47 ಎಂಬ ಸಂಖ್ಯೆಗೆ ರೆನ್ ಮತ್ತು ಪ್ಯಾರಿಸ್ ನಡುವೆ ಮಾತ್ರ ಬೆಲೆ; ಬೇರೆ ತಂತಿಯ ಮೇಲೆ ಅದೇ 47 ಇನ್ಯಾರದೋ ಕರೆಯಾಗಿರಬಹುದು. ಇಡೀ ಜಾಲಕ್ಕೆ ಒಂದೇ ಲೆಕ್ಕ ಇಡುವ ಕೆಲಸ ಇಲ್ಲದ್ದರಿಂದ ಎಕ್ಸ್.25ರಲ್ಲಿ ಈ ಸಂಖ್ಯೆಗೆ 12 ಬಿಟ್ ಸಾಕಾಯಿತು. ಒಂದು ತಂತಿಯ ಮೇಲೆ ಸುಮಾರು 4,000 ಕರೆಗಳನ್ನು ಬೇರೆಬೇರೆಯಾಗಿ ಗುರುತಿಸಲು ಅಷ್ಟು ಬೇಕಾದಷ್ಟಾಯಿತು. ಇಲ್ಲೊಂದು ಜಾಣತನವೂ ಉಂಟು. ತಂತಿಯ ಎರಡೂ ತುದಿಗಳಿಂದ ಒಂದೇ ಗಳಿಗೆಯಲ್ಲಿ ಕರೆ ಹೊರಟು ಇಬ್ಬರೂ ಒಂದೇ ಸಂಖ್ಯೆಗೆ ಕೈಹಾಕಬಾರದಲ್ಲವೇ? ಅದಕ್ಕೇ ಗ್ರಾಹಕರ ಯಂತ್ರ ದೊಡ್ಡ ಸಂಖ್ಯೆಗಳಿಂದ ಕೆಳಗಿಳಿಯುತ್ತಾ, ಜಾಲ ಸಣ್ಣ ಸಂಖ್ಯೆಗಳಿಂದ ಮೇಲೇರುತ್ತಾ ಹುಡುಕುವಂತೆ ಮಾಡಲಾಯಿತು.

ಪೂಝಾಂ ಅವರ ಜಾಲದಲ್ಲಿ ಇದೇ ಪ್ರಯಾಣಕ್ಕೆ ಇಷ್ಟೆಲ್ಲ ತಯಾರಿ ಬೇಕಿರಲಿಲ್ಲ. ಸಿಕ್ಲಾಡ್‌ನ ಪ್ಯಾಕೆಟ್ ಸಾಗಿಸುವ ಭಾಗಕ್ಕೆ ‘ಸಿಗಾಲ್’ ಎಂದು ಹೆಸರು. ಮಿತ್ರಾ-15 ಎಂಬ ಮಿನಿಕಂಪ್ಯೂಟರುಗಳು ಅದರ ಸ್ವಿಚ್ಚುಗಳು. ಪ್ಯಾಕೆಟ್ ಬಂದರೆ ಅವು ಅದರ ವಿಳಾಸ ಓದಿ, ಆ ಕಡೆಗೆ ಹೋಗುವ ತಂತಿಗೆ ದಾಟಿಸಿ, ಅದನ್ನು ಮರೆತುಬಿಡುತ್ತಿದ್ದವು. ಯಾರು ಯಾರೊಡನೆ ಮಾತಾಡುತ್ತಿದ್ದಾರೆ, ಹಿಂದಿನ ಪ್ಯಾಕೆಟ್ ಎತ್ತ ಹೋಯಿತು ಎಂಬ ಯಾವ ಲೆಕ್ಕವೂ ಅಲ್ಲಿಲ್ಲ. ಪ್ಯಾಕೆಟ್ ಕಳೆದರೆ, ಹಿಂದುಮುಂದಾಗಿ ಬಂದರೆ, ಸರಿಪಡಿಸುವ ಹೊಣೆ ಎರಡು ತುದಿಯ ಕಂಪ್ಯೂಟರುಗಳದ್ದು. ಈ ತಂಡದ ಜೆರಾರ್ ಲ ಲಾನ್ ಅಮೆರಿಕದ ಸ್ಟ್ಯಾನ್‌ಫರ್ಡಿಗೆ ಹೋಗಿ ವಿಂಟ್ ಸರ್ಫ್ ಜೊತೆ ಕೆಲಸ ಮಾಡಿದರು. ಸರ್ಫ್ ಮತ್ತು ಬಾಬ್ ಕಾನ್ 1974ರಲ್ಲಿ ಪ್ರಕಟಿಸಿದ ಇಂಟರ್ನೆಟ್ಟಿನ ಮೂಲ ವಿನ್ಯಾಸ ಇದೇ ದಾರಿಯಲ್ಲಿ ಮುಂದುವರಿಯಿತು.

ಹಾಗಾದರೆ ಇಲಾಖೆಯ ಎಂಜಿನಿಯರುಗಳು ಕುರುಡಾಗಿದ್ದರೇ? ಖಂಡಿತ ಇಲ್ಲ. ಆ ಕಾಲದ ತಂತಿಗಳ ವೇಗವನ್ನು ನೆನೆದರೆ ಅವರ ವಾದದ ತೂಕ ತಿಳಿಯುತ್ತದೆ.

ಸೆಕೆಂಡಿಗೆ 9,600 ಬಿಟ್ ಸಾಗಿಸುವ ಒಂದು ತಂತಿಯ ಮೇಲೆ 128 ಬೈಟ್‌ಗಳ 1,000 ಪ್ಯಾಕೆಟ್ ಕಳಿಸಬೇಕು ಎನ್ನೋಣ. ಎಕ್ಸ್.25ರಲ್ಲಿ ಕರೆ ಕೂಡಿದ ಮೇಲೆ ಪ್ರತಿ ಮಾಹಿತಿ ಪ್ಯಾಕೆಟ್ಟಿನ ತಲೆಭಾಗಕ್ಕೆ 3 ಬೈಟ್ ಸಾಕು. ಕರೆಯ ಸಂಖ್ಯೆ, ಪ್ಯಾಕೆಟ್ಟಿನ ಸರದಿ ಎಲ್ಲವೂ ಅದರಲ್ಲೇ ಹಿಡಿಸುತ್ತವೆ. ಇಂದು ನಾವು ಬಳಸುವ ಇಂಟರ್ನೆಟ್ಟಿನ ನಾಲ್ಕನೇ ಆವೃತ್ತಿಯಲ್ಲಿ ತಲೆಭಾಗ ಕನಿಷ್ಠ 20 ಬೈಟ್. ಕಳಿಸುವವರ ಮತ್ತು ಪಡೆಯುವವರ ವಿಳಾಸಗಳೇ ಅದರಲ್ಲಿ 8 ಬೈಟ್ ತಿನ್ನುತ್ತವೆ. ಸಾವಿರ ಪ್ಯಾಕೆಟ್ಟಿಗೆ ವ್ಯತ್ಯಾಸ 17,000 ಬೈಟ್. ಆ ತಂತಿಯ ಮೇಲೆ ಅದು 14 ಸೆಕೆಂಡಿನ ಕೆಲಸ. ನಿಜವಾದ ಮಾಹಿತಿ ಸಾಗಲು ಬೇಕಾದದ್ದು ಸುಮಾರು 107 ಸೆಕೆಂಡು ಎಂಬುದರ ಪಕ್ಕದಲ್ಲಿಟ್ಟು ನೋಡಿದರೆ ಈ 14 ಸಣ್ಣದಲ್ಲ.

ಕಳಿಸಬೇಕಾದದ್ದು ಒಂದೇ ಪ್ಯಾಕೆಟ್ ಆದಾಗ ಲೆಕ್ಕ ತಿರುಗಿಬೀಳುತ್ತದೆ. 128 ಬೈಟ್ ಸಾಗಿಸಲು ಕೋರಿಕೆ ಹೋಗಿ, ಒಪ್ಪಿಗೆ ಬಂದು, ಕೆಲಸ ಮುಗಿದ ಮೇಲೆ ಕರೆ ಬಿಡಿಸುವ ಪ್ಯಾಕೆಟ್ಟುಗಳೂ ಓಡಾಡಬೇಕು. ಡೇಟಾಗ್ರಾಂ ಆ ಹೊತ್ತಿಗೆ ಗುರಿ ಮುಟ್ಟಿರುತ್ತದೆ. ಈ ಕೊರತೆ ಮಾನದಂಡ ಬರೆದವರಿಗೂ ಗೊತ್ತಿತ್ತು. ಅವರು 1980ರ ಪರಿಷ್ಕರಣೆಯಲ್ಲಿ ಎರಡು ಪರಿಹಾರ ಸೇರಿಸಿದರು. ಒಂದು, ಕರೆಯ ಕೋರಿಕೆಯೊಳಗೇ 128 ಬೈಟ್ ಮಾಹಿತಿ ತುಂಬಿ ಕಳಿಸುವ ಅನುಕೂಲ. ಇನ್ನೊಂದು, ಸಾಕ್ಷಾತ್ ಡೇಟಾಗ್ರಾಂ ಸೇವೆ. ಎರಡನೆಯದನ್ನು 1984ರಲ್ಲಿ ತೆಗೆದುಹಾಕಲಾಯಿತು, ಮೊದಲನೆಯದು ಉಳಿಯಿತು.

ಎರಡೂ ಪದ್ಧತಿಗಳ ಸ್ವಭಾವ ಬಯಲಾಗುವುದು ಏನಾದರೂ ಕೆಟ್ಟಾಗ. ಮೇಲಿನ ಉದಾಹರಣೆಯಲ್ಲಿ ಪ್ಯಾರಿಸ್ ಮತ್ತು ಲಿಯೋಂ ನಡುವಿನ ತಂತಿ ತುಂಡಾಯಿತು ಎನ್ನಿ. ವರ್ಚುವಲ್ ಸರ್ಕ್ಯೂಟಿನಲ್ಲಿ 47ನ್ನು 5ಕ್ಕೆ ಜೋಡಿಸಿದ್ದ ಸಾಲಿಗೆ ಆ ಕ್ಷಣದಿಂದ ಅರ್ಥವಿಲ್ಲ. ಜಾಲ ಎರಡೂ ತುದಿಗೆ ಕರೆ ಕಡಿದ ಸೂಚನೆ ಕಳಿಸುತ್ತದೆ, ಕಾರಣದ ಸಂಕೇತವನ್ನೂ ಜೊತೆಗಿಡುತ್ತದೆ. ಬೇರೆ ದಾರಿ ಇದ್ದರೂ ರೆನ್‌ನ ಯಂತ್ರ ಹೊಸದಾಗಿ ಕರೆ ಹಾಕಬೇಕು. ಪ್ಯಾರಿಸ್ ಸ್ವಿಚ್ಚು ಒಮ್ಮೆ ಆರಿ ಹೊತ್ತಿಕೊಂಡರೆ ಇನ್ನೂ ಕಷ್ಟ: ಅದರ ಮೂಲಕ ಹೋಗುತ್ತಿದ್ದ ಎಲ್ಲ ಕರೆಗಳ ಸಾಲುಗಳೂ ಅಳಿಸಿಹೋಗಿರುತ್ತವೆ.

ಡೇಟಾಗ್ರಾಂ ಜಾಲದಲ್ಲಿ ತುಂಡಾದ ತಂತಿಯ ಸುದ್ದಿ ನೆರೆಯ ರೂಟರುಗಳಿಗೆ ಹರಡುತ್ತದೆ. ಅವು ತಮ್ಮ ಪಟ್ಟಿ ತಿದ್ದಿಕೊಂಡು ಮುಂದಿನ ಪ್ಯಾಕೆಟ್ಟುಗಳನ್ನು ಬೋರ್ಡೊ ಕಡೆಯಿಂದ ಸುತ್ತಿಸಿ ಕಳಿಸಬಹುದು. ಕರೆ ಎಂಬುದೇ ಇಲ್ಲದ್ದರಿಂದ ಕಡಿಯುವಂಥದ್ದೂ ಏನಿಲ್ಲ. ಆದರೆ ಆ ಗಳಿಗೆಯಲ್ಲಿ ದಾರಿಯಲ್ಲಿದ್ದ ಪ್ಯಾಕೆಟ್ಟುಗಳು ಹೋದಂತೆಯೇ. ಪಟ್ಟಿ ತಿದ್ದುವಷ್ಟರಲ್ಲಿ ಎರಡು ರೂಟರುಗಳು ‘ದಾರಿ ನಿನ್ನ ಕಡೆ’ ಎಂದು ಒಂದಕ್ಕೊಂದು ಪ್ಯಾಕೆಟ್ ತಳ್ಳುತ್ತ ಸುತ್ತುವುದೂ ಉಂಟು. ಅದು ಕೊನೆಯಿಲ್ಲದೆ ಸುತ್ತಬಾರದೆಂದೇ ಇಂಟರ್ನೆಟ್ ಪ್ಯಾಕೆಟ್ಟಿನಲ್ಲಿ ಆಯುಷ್ಯದ ಸಂಖ್ಯೆಯೊಂದನ್ನು ಇಟ್ಟಿದ್ದಾರೆ. ಪ್ರತಿ ರೂಟರೂ ಅದರಿಂದ ಒಂದನ್ನು ಕಳೆಯುತ್ತದೆ. ಸೊನ್ನೆ ಮುಟ್ಟಿದ ಪ್ಯಾಕೆಟ್ಟನ್ನು ಎಸೆಯಲಾಗುತ್ತದೆ. ಬಳಸುವವರಿಗೆ ಕಾಣುವ ಲಕ್ಷಣವೂ ಹೀಗೇ ಬೇರೆ. ಮೊದಲನೆಯದರಲ್ಲಿ ಸಂಪರ್ಕ ಪಟ್ಟನೆ ಕಡಿಯುತ್ತದೆ, ಎರಡನೆಯದರಲ್ಲಿ ಸ್ವಲ್ಪ ಹೊತ್ತು ತಡವರಿಸಿ ಮತ್ತೆ ಸರಾಗವಾಗುತ್ತದೆ.

ಡೇಟಾಗ್ರಾಂ ರೂಟರಿಗೆ ನೆನಪೇ ಇಲ್ಲ ಎಂದು ಪಠ್ಯಗಳು ಕೆಲವೊಮ್ಮೆ ಹೇಳಿಬಿಡುತ್ತವೆ. ಅದು ಅರ್ಧ ಮಾತು. ಅದಕ್ಕೆ ಮಾತುಕತೆಗಳ ನೆನಪಿಲ್ಲ, ಊರುಗಳ ನೆನಪಿದೆ. ವರ್ಚುವಲ್ ಸರ್ಕ್ಯೂಟಿನ ಸ್ವಿಚ್ಚಿನಲ್ಲಿ ಪಟ್ಟಿ ಬೆಳೆಯುವುದು ಈಗ ನಡೆಯುತ್ತಿರುವ ಕರೆಗಳಿಗೆ ತಕ್ಕಂತೆ. ರಾತ್ರಿ ಎಲ್ಲರೂ ಮಲಗಿದರೆ ಅದು ಖಾಲಿ. ಡೇಟಾಗ್ರಾಂ ರೂಟರಿನ ಪಟ್ಟಿ ಬೆಳೆಯುವುದು ಜಗತ್ತಿನಲ್ಲಿರುವ ಜಾಲಗಳ ಸಂಖ್ಯೆಗೆ ತಕ್ಕಂತೆ. ಯಾರೂ ಮಾತಾಡದಿದ್ದರೂ ಅದು ಇದ್ದೇ ಇರುತ್ತದೆ. ಈ ಭಾರಕ್ಕೂ ಮಿತಿಯಿದೆ ಎಂಬುದು 2014ರ ಆಗಸ್ಟ್ 12ರಂದು ಗೊತ್ತಾಯಿತು. ಅನೇಕ ಹಳೆಯ ರೂಟರುಗಳ ವೇಗದ ಮೆಮೊರಿಯಲ್ಲಿ ಸುಮಾರು 5 ಲಕ್ಷದ 12 ಸಾವಿರ ದಾರಿಗಳಿಗಷ್ಟೇ ಜಾಗ ಮೀಸಲಿತ್ತು. ಅಂದು ಒಂದು ದೊಡ್ಡ ಜಾಲ ಸುಮಾರು 15,000 ಹೆಚ್ಚುವರಿ ದಾರಿಗಳನ್ನು ಒಮ್ಮೆಲೇ ಸಾರಿದ್ದರಿಂದ ಲೆಕ್ಕ ಆ ಗೆರೆ ದಾಟಿತು. ಜಾಗ ಸಾಲದ ರೂಟರುಗಳು ನಿಧಾನವಾದವು, ಕೆಲವು ಪ್ಯಾಕೆಟ್ಟುಗಳನ್ನು ಕೈಬಿಟ್ಟವು, ಹಲವು ತಾಣಗಳು ಜನರಿಗೆ ಸಿಗದಾದವು.

ವರ್ಚುವಲ್ ಸರ್ಕ್ಯೂಟಿನ ಪಾಳಿ ಅದಕ್ಕೂ ಮೊದಲೇ ಬಂದಿತ್ತು. ಫ್ರಾನ್ಸಿನ ಮನೆಮನೆಯಲ್ಲಿ ಮಿನಿಟೆಲ್ ಎಂಬ ಪುಟ್ಟ ಪರದೆಯ ಯಂತ್ರ ಜನಪ್ರಿಯವಾಗಿ, ಅದರ ದಟ್ಟಣೆಯ ಭಾರಕ್ಕೆ 1985ರ ಜೂನ್‌ನಲ್ಲಿ ಟ್ರಾನ್ಸ್‌ಪಾಕ್ ಕುಸಿಯಿತು. ಆದರೂ ಅದು ಚೇತರಿಸಿಕೊಂಡು ದಶಕಗಳ ಕಾಲ ದುಡಿಯಿತು. ಮಿನಿಟೆಲ್ ಜೊತೆಗೇ 2012ರ ಜೂನ್ 30ರಂದು ಮುಚ್ಚಿತು. ಮರುವರ್ಷ ಪೂಝಾಂ, ಸರ್ಫ್ ಮತ್ತು ಕಾನ್ ಸೇರಿದಂತೆ ಐವರು ಬ್ರಿಟನ್ನಿನ ಮೊದಲ ಕ್ವೀನ್ ಎಲಿಜಬೆತ್ ಎಂಜಿನಿಯರಿಂಗ್ ಪ್ರಶಸ್ತಿ ಹಂಚಿಕೊಂಡರು.

ಇಷ್ಟಾದರೂ ದೆಪ್ರೆಯವರ ಸಾಲುಗಳು ಇಂಟರ್ನೆಟ್ಟಿನಿಂದ ಮಾಯವಾಗಿಲ್ಲ. ದೊಡ್ಡ ಟೆಲಿಕಾಂ ಕಂಪನಿಗಳ ಒಳಜಾಲದಲ್ಲಿ ಪ್ಯಾಕೆಟ್ಟಿನ ಮುಂದೆ 20 ಬಿಟ್‌ನ ಒಂದು ಚೀಟಿ ಅಂಟಿಸುತ್ತಾರೆ. ಈ ಪದ್ಧತಿಯ ಹೆಸರು ಎಂಪಿಎಲ್‌ಎಸ್. ಇದರ ವಿನ್ಯಾಸ 2001ರಲ್ಲಿ ಪ್ರಕಟವಾಯಿತು. ನಡುವಿನ ರೂಟರ್ ಒಳಗಿನ ವಿಳಾಸ ನೋಡುವುದೇ ಇಲ್ಲ. ಬಂದ ಚೀಟಿ ಓದಿ, ತನ್ನ ಪಟ್ಟಿಯಂತೆ ಹೊಸ ಚೀಟಿ ಹಚ್ಚಿ ಮುಂದೆ ಕಳಿಸುತ್ತದೆ, ಪ್ಯಾರಿಸ್ಸಿನಲ್ಲಿ 47 ಹೋಗಿ 5 ಆದ ಹಾಗೆ. ಆದರೆ ಇಲ್ಲಿ ಚೀಟಿಗಳನ್ನು ಪ್ರತಿ ಗ್ರಾಹಕರ ಪ್ರತಿ ಕರೆಗೆ ಹಂಚುವುದಿಲ್ಲ. ರೂಟರುಗಳು ತಮ್ಮೊಳಗೇ ಮಾತಾಡಿಕೊಂಡು ಒಂದೊಂದು ದಿಕ್ಕಿಗೆ ಹೋಗುವ ಎಲ್ಲ ಪ್ಯಾಕೆಟ್ಟುಗಳಿಗೂ ಸೇರಿ ಒಂದು ಚೀಟಿ ಗೊತ್ತುಮಾಡುತ್ತವೆ. ಆದ್ದರಿಂದ ಸಾಲುಗಳ ಸಂಖ್ಯೆ ಕೈಮೀರುವುದಿಲ್ಲ. ಕೆಲವು ಕಂಪ್ಯೂಟರುಗಳಲ್ಲಿ `traceroute -e` ಆಜ್ಞೆ ಕೊಟ್ಟರೆ, ಬರುವ ಉತ್ತರದ ನಡುವಿನ ಸಾಲುಗಳಲ್ಲಿ `MPLS` ಎಂಬ ಅಕ್ಷರಗಳೂ ಅದರ ಮುಂದೆ ಒಂದು ಸಂಖ್ಯೆಯೂ ಕಾಣಬಹುದು. ಅದೇ ಆ ಚೀಟಿ. ಪ್ರತಿ ಹೆಜ್ಜೆಗೆ ಅದು ಬದಲಾಗಬಹುದು, ಒಳಗಿನ ವಿಳಾಸ ಮಾತ್ರ ಹಾಗೇ ಇರುತ್ತದೆ.