ಆರಂಭ ಮತ್ತು ಅಂತ್ಯದ ಮೌಲ್ಯದಿಂದ ಸಂಯುಕ್ತ ವಾರ್ಷಿಕ ಬೆಳವಣಿಗೆ ದರವನ್ನು ಲೆಕ್ಕಹಾಕುವ ಕ್ರಮ

ಸಾಮಾನ್ಯ ಭತ್ತಕ್ಕೆ ಕೇಂದ್ರ ಸರ್ಕಾರವು ನಿಗದಿಪಡಿಸಿದ ಕನಿಷ್ಠ ಬೆಂಬಲ ಬೆಲೆಯು 2018-19ರಲ್ಲಿ ಕ್ವಿಂಟಾಲಿಗೆ ರೂ. 1,750 ಇದ್ದು, 2023-24ರಲ್ಲಿ ರೂ. 2,183 ಆಯಿತು. ಗಂಗಾವತಿ ಭಾಗದ ಭತ್ತದ ಬೆಳೆಗಾರರು ಈ ಏರಿಕೆಯನ್ನು ತಮ್ಮ ಸಾಗುವಳಿ ವೆಚ್ಚದ ಏರಿಕೆಯೊಂದಿಗೆ ಹೋಲಿಸಬೇಕಾದರೆ, ವರ್ಷಕ್ಕೆ ಶೇಕಡಾ ಎಷ್ಟು ಎಂಬುದು ತಿಳಿಯಬೇಕು.

ಒಟ್ಟು ಏರಿಕೆ ಶೇ. 24.7. ಇದನ್ನು ಐದರಿಂದ ಭಾಗಿಸಿ ಶೇ. 4.9 ಎನ್ನುವುದು ಸರಿಯಲ್ಲ. ಚಕ್ರಬಡ್ಡಿಯಂತೆ ಪ್ರತಿ ವರ್ಷದ ಏರಿಕೆಯು ಹಿಂದಿನ ವರ್ಷದ ಏರಿದ ಬೆಲೆಯ ಮೇಲೆ ಕೂಡುತ್ತದೆ. ಆದ್ದರಿಂದ ಅಂತಿಮ ಮೌಲ್ಯವನ್ನು ಆರಂಭದ ಮೌಲ್ಯದಿಂದ ಭಾಗಿಸಿ (1.2474), ಅದರ ಐದನೆಯ ಮೂಲವನ್ನು ತೆಗೆದು (1.0452), ಒಂದನ್ನು ಕಳೆಯಬೇಕು. ಉತ್ತರ ಶೇ. 4.5. ಎಕ್ಸೆಲ್‌ನಲ್ಲಿ ಹೀಗೆ ಬರೆಯಿರಿ:

```
=(2183/1750)^(1/5)-1
```

ತಾಳೆ ನೋಡಲು 1,750ನ್ನು 1.0452ರಿಂದ ಐದು ಬಾರಿ ಗುಣಿಸಿರಿ, 2,183 ಬರಬೇಕು.

ಹೆಚ್ಚಿನವರು ಎಡವುವುದು ವರ್ಷಗಳ ಎಣಿಕೆಯಲ್ಲಿ. 2018-19ರಿಂದ 2023-24ರವರೆಗೆ ಪಟ್ಟಿಯಲ್ಲಿ ಆರು ವರ್ಷಗಳಿವೆ, ಆದರೆ ಬೆಲೆ ಏರಿದ್ದು ಐದೇ ಬಾರಿ. ಆರು ಎಂದು ಹಾಕಿದರೆ ದರವು ಶೇ. 3.8ಕ್ಕೆ ಇಳಿಯುತ್ತದೆ. ತಾಳೆ ನೋಡುವಾಗ ಈ ತಪ್ಪು ಕೂಡಲೇ ಸಿಕ್ಕಿಬೀಳುತ್ತದೆ.

ಈ ದರವು ನಡುವಿನ ವರ್ಷಗಳನ್ನು ನೋಡುವುದೇ ಇಲ್ಲ. ವಾಸ್ತವದಲ್ಲಿ ಮೊದಲ ವರ್ಷ ಏರಿದ್ದು ರೂ. 65, ಕೊನೆಯ ವರ್ಷ ರೂ. 143. ಬೆಂಬಲ ಬೆಲೆ ಪ್ರತಿ ವರ್ಷವೂ ಏರಿರುವುದರಿಂದ ಇದರಿಂದ ದೊಡ್ಡ ತೊಂದರೆಯಿಲ್ಲ. ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಇಳುವರಿಯ ಮಾತು ಬೇರೆ.

ಉದಾಹರಣೆಗೆ, ಒಂದು ಹೊಲದ ಸಜ್ಜೆಯ ಇಳುವರಿ ಸಾಧಾರಣ ವರ್ಷದಲ್ಲಿ ಎಕರೆಗೆ 5.5 ಕ್ವಿಂಟಾಲ್, ಮರುವರ್ಷ ಬರದಿಂದ 3, ಅಲ್ಲಿಂದ ಐದು ವರ್ಷಗಳ ನಂತರ 6 ಕ್ವಿಂಟಾಲ್ ಎಂದುಕೊಳ್ಳೋಣ. ಬರದ ವರ್ಷದಿಂದ ಲೆಕ್ಕ ಹಿಡಿದರೆ ವಾರ್ಷಿಕ ಬೆಳವಣಿಗೆ ಶೇ. 14.9, ಒಂದೇ ವರ್ಷ ಹಿಂದಿನಿಂದ ಹಿಡಿದರೆ ಶೇ. 1.5! ಹೊಲ ಅದೇ, ಬೆಳೆ ಅದೇ. ಯೋಜನೆಗಳ ಪ್ರಗತಿ ವರದಿಗಳಲ್ಲಿ ಆಕರ್ಷಕ ದರ ಕಂಡಾಗ ನಾನು ಮೊದಲು ನೋಡುವುದು ಆರಂಭದ ವರ್ಷದ ಮಳೆಯನ್ನು. 2023ರ ಮುಂಗಾರಿನಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾಗಿದ್ದವು. ಆ ವರ್ಷವನ್ನು ಆಧಾರವಾಗಿಟ್ಟ ದರಗಳನ್ನು ಎಚ್ಚರಿಕೆಯಿಂದ ಓದಬೇಕು.

ವಿಸ್ತರಣಾ ಸಿಬ್ಬಂದಿಯು ಇಳುವರಿಗೆ ಎರಡೂ ತುದಿಗಳಲ್ಲಿ ಮೂರು ವರ್ಷಗಳ ಸರಾಸರಿಯನ್ನು ಬಳಸುವುದು ಸೂಕ್ತ. ಆಗ ಅವಧಿಯನ್ನು ಮೊದಲ ಮೂರರ ನಡುವಿನ ವರ್ಷದಿಂದ ಕೊನೆಯ ಮೂರರ ನಡುವಿನ ವರ್ಷಕ್ಕೆ ಎಣಿಸಬೇಕು. ಆರಂಭದ ಮೌಲ್ಯ ಸೊನ್ನೆಯಾಗಿದ್ದರೆ ಅಥವಾ ಯಾವುದೇ ತುದಿಯಲ್ಲಿ ನಷ್ಟವಿದ್ದರೆ ಈ ಸೂತ್ರ ಅನ್ವಯಿಸದು. ಅಂಥಲ್ಲಿ ರೂಪಾಯಿಗಳ ವ್ಯತ್ಯಾಸವನ್ನೇ ನಮೂದಿಸಿರಿ.